ಚೆಕ್ ಬೌನ್ಸ್ ಆಯಿತೇ? ನೋಟಿಸ್‌ನಲ್ಲಿ ಮೊತ್ತ, ತಾರೀಕು ತಪ್ಪಬೇಡಿ

ತುಮಕೂರಿನ ಒಬ್ಬ ಹಾರ್ಡ್‌ವೇರ್ ಅಂಗಡಿಯವರಿಗೆ ಕಂಟ್ರಾಕ್ಟರ್ ಒಬ್ಬರು ಸಾಮಾನಿನ ಬಾಕಿಗೆಂದು 1,80,000 ರೂಪಾಯಿ ಚೆಕ್ ಕೊಟ್ಟಿದ್ದಾರೆ ಎಂದುಕೊಳ್ಳಿ. ಚೆಕ್ಕಿನ ಮೇಲಿನ ತಾರೀಕಿನಿಂದ ಮೂರು ತಿಂಗಳೊಳಗೇ ಬ್ಯಾಂಕಿಗೆ ಹಾಕಿದರು. ಖಾತೆಯಲ್ಲಿ ದುಡ್ಡಿಲ್ಲ ಎಂಬ ಷರಾ ಬರೆದ ರಿಟರ್ನ್ ಮೆಮೊ ಮಾರ್ಚ್ 4ರಂದು ಕೈಗೆ ಬಂತು. ಅದರ ಮೇಲೆ ಸಿಕ್ಕಿದ ದಿನವನ್ನು ಬರೆದಿಡಿ. ಲೆಕ್ಕ ಶುರುವಾಗುವುದೇ ಅಲ್ಲಿಂದ.

ಮೆಮೊ ಸಿಕ್ಕ ದಿನ ಬಿಟ್ಟು 30 ದಿನದೊಳಗೆ, ಅಂದರೆ ಏಪ್ರಿಲ್ 3ರೊಳಗೆ, ನೋಟಿಸ್ ಕಳಿಸಬೇಕು. ಈ ಗಡುವು ದಾಟಿದರೆ ಕೋರ್ಟ್ ಕೂಡ ವಿನಾಯಿತಿ ಕೊಡುವುದಿಲ್ಲ. ಚೆಕ್ಕಿನ ಅವಧಿ ಇನ್ನೂ ಉಳಿದಿದ್ದರೆ ಮತ್ತೊಮ್ಮೆ ಬ್ಯಾಂಕಿಗೆ ಹಾಕಿ, ಹೊಸ ಮೆಮೊ ಪಡೆಯುವುದೊಂದೇ ದಾರಿ. ನೋಟಿಸನ್ನು ವಕೀಲರೇ ಕೊಡಬೇಕೆಂಬ ನಿಯಮವಿಲ್ಲ. ಆದರೂ ಅವರಿಗೆ ತೋರಿಸಿ ಕಳಿಸುವುದು ವಾಸಿ.

ಯಾಕೆಂದರೆ ಹೆಚ್ಚಾಗಿ ಎಡವುವುದು ಮೊತ್ತದಲ್ಲಿ. ಚೆಕ್ಕಿನ ಸಂಖ್ಯೆ, ತಾರೀಕು, ಬ್ಯಾಂಕು, ಬೌನ್ಸ್ ಆದ ಕಾರಣ ಬರೆದು, “ಚೆಕ್ಕಿನ ಮೊತ್ತ 1,80,000 ರೂಪಾಯಿಯನ್ನು ನೋಟಿಸ್ ಸಿಕ್ಕ 15 ದಿನದೊಳಗೆ ಕೊಡಿ” ಎಂದು ಸ್ಪಷ್ಟವಾಗಿ ಕೇಳಿ. ಬಡ್ಡಿ, ಬ್ಯಾಂಕ್ ಚಾರ್ಜು, ನೋಟಿಸ್ ಖರ್ಚು ಬೇಕಿದ್ದರೆ ಬೇರೆ ಸಾಲಿನಲ್ಲಿ, ಬೇರೆಯಾಗಿ ಕಾಣುವಂತೆ ಬರೆಯಿರಿ. ಎಲ್ಲ ಸೇರಿಸಿ ಸುಮ್ನೆ “2,10,000 ಕೊಡಿ” ಎಂದರೆ ಆ ನೋಟಿಸೇ ಬಿದ್ದುಹೋಗಬಹುದು. ಟೈಪಿಂಗ್‌ನಲ್ಲಿ ತಪ್ಪಾಯಿತು ಎಂದರೂ ನಡೆಯುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2025ರಲ್ಲಿ ಹೇಳಿದೆ.

ಚೆಕ್ ಕೊಟ್ಟ ಮೇಲೆ ಕಂಟ್ರಾಕ್ಟರ್ 50,000 ಕೊಟ್ಟಿದ್ದರೆ? ಆಗ ಅದೇ ಚೆಕ್ಕನ್ನು ಪೂರ್ತಿ ಮೊತ್ತಕ್ಕೆ ಹಾಕಬೇಡಿ. ಉಳಿದ 1,30,000ಕ್ಕೆ ಹೊಸ ಚೆಕ್ ಕೇಳಿ ಪಡೆಯಿರಿ.

ನೋಟಿಸನ್ನು ಸರಿಯಾದ ವಿಳಾಸಕ್ಕೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಮತ್ತು ತಲುಪಿದ ದಾಖಲೆ ಎರಡನ್ನೂ ಇಟ್ಟುಕೊಳ್ಳಿ. ವಿಳಾಸ ಸರಿಯಿದ್ದೂ ಅವರು ಬೇಡವೆಂದು ವಾಪಸ್ ಕಳಿಸಿದರೆ, ತಲುಪಿದಂತೆಯೇ ಲೆಕ್ಕ. ಮಾರ್ಚ್ 18ಕ್ಕೆ ಸಿಕ್ಕಿದರೆ ಏಪ್ರಿಲ್ 2ರವರೆಗೆ ಅವರಿಗೆ ಸಮಯವಿದೆ. ಅಷ್ಟರೊಳಗೆ ಚೆಕ್ಕಿನ ದುಡ್ಡು ಕೊಟ್ಟರೆ ಕ್ರಿಮಿನಲ್ ಕೇಸ್ ಇಲ್ಲ. ಕೊಡದಿದ್ದರೆ ಏಪ್ರಿಲ್ 3ರಿಂದ ಒಂದು ತಿಂಗಳು, ಅಂದರೆ ಮೇ 3ರೊಳಗೆ, ನಿಮ್ಮ ಖಾತೆ ಇರುವ ಬ್ಯಾಂಕ್ ಶಾಖೆಯ ವ್ಯಾಪ್ತಿಯ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ದೂರು ಹಾಕಿ. 15 ದಿನ ಮುಗಿಯುವ ಮುಂಚೆ ಹಾಕಿದ ದೂರು ನಿಲ್ಲುವುದಿಲ್ಲ. ತಡವಾದರೆ ಸರಿಯಾದ ಕಾರಣ ತೋರಿಸಬೇಕು.

ಆರೋಪಿ ತಪ್ಪೊಪ್ಪಿಕೊಳ್ಳದಿದ್ದರೆ, ಕೇಸ್ ನಡೆಯುತ್ತಿರುವಾಗಲೇ ಚೆಕ್ ಮೊತ್ತದ ಶೇ 20ರವರೆಗೆ, ಇಲ್ಲಿ 36,000 ರೂಪಾಯಿವರೆಗೆ, ಮಧ್ಯಂತರ ಪರಿಹಾರ ಕೇಳಬಹುದು. ಕೊಡುವುದು ಕೋರ್ಟಿನ ವಿವೇಚನೆ. ತಪ್ಪು ಸಾಬೀತಾದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಚೆಕ್ಕಿನ ಎರಡರಷ್ಟು ತನಕ ದಂಡ, ಅಥವಾ ಎರಡೂ. ಆ ದಂಡದಿಂದಲೇ ನಿಮಗೆ ಪರಿಹಾರ ಕೊಡಿಸಬಹುದು. ಬಾಕಿ ಮತ್ತು ಬಡ್ಡಿ ವಸೂಲಿಗೆ ಸಿವಿಲ್ ದಾವೆಯನ್ನೂ ಜೊತೆಗೇ ಹೂಡಬಹುದು.