ಆರು ಫ್ಯಾನ್ ತೆಗೆದು ಮೂರು ಹಾಕಿದೆ: ಕ್ಯಾಬಿನೆಟ್ ಗಾಳಿಯ ಲೆಕ್ಕ, ನನ್ನ ಅನುಭವ

ವಿಡಿಯೋ ಎಡಿಟಿಂಗ್‌ಗೆ ಇಟ್ಟುಕೊಂಡಿರುವ ನನ್ನ ಮಿಡ್ ಟವರ್ ಕಂಪ್ಯೂಟರ್‌ನಲ್ಲಿ ಈಗ ಇರೋದು ಮೂರೇ ಫ್ಯಾನ್. ಮುಂದೆ 140 ಎಂಎಂ ಎರಡು, ಹಿಂದೆ 120 ಎಂಎಂ ಒಂದು, ಮೇಲೆ ಏನೂ ಇಲ್ಲ. ಎಸ್‌ಪಿ ರೋಡ್ ಅಂಗಡಿಯಲ್ಲಿ "ಮೂರು ಸಾಲಲ್ಲ ಸಾರ್, ಕಾರ್ಡ್ ಬೆಂದೋಗತ್ತೆ" ಅಂದರು, ಗೆಳೆಯರೂ ಅದಕ್ಕೇ ತಲೆಯಾಡಿಸಿದರು. ಏಪ್ರಿಲ್‌ನಲ್ಲಿ ರೂಮು 33 ಡಿಗ್ರಿ ಇರುವಾಗ ಒಂದು ಗಂಟೆ ರೆಂಡರ್ ಓಡಿಸಿದರೆ, ಆರು ಫ್ಯಾನ್ ಇದ್ದಾಗ 82ರ ಹತ್ತಿರ ನಿಲ್ಲುತ್ತಿದ್ದ ಗ್ರಾಫಿಕ್ಸ್ ಕಾರ್ಡ್ ಈಗ 76 ದಾಟಲ್ಲ. ಸದ್ದೂ ಗಣನೀಯವಾಗಿ ಕಮ್ಮಿ.

ತೊಂದರೆ ಇದ್ದದ್ದು ಮುಂದೆ. ನಮ್ಮ ಬೀದಿಯ ಕಟ್ಟಡ ಕೆಲಸದ ಧೂಳಿಗೆ ನೈಲಾನ್ ಫಿಲ್ಟರ್ ಬೇಕೇ ಬೇಕು. ಕ್ಯಾಬಿನೆಟ್ ಜತೆ ಬಂದ ಬಣ್ಣದ ಲೈಟಿನ ಫ್ಯಾನ್‌ಗಳ ಡಬ್ಬದ ಮೇಲೆ ಸಿಎಫ್‌ಎಂ, ಅಂದರೆ ನಿಮಿಷಕ್ಕೆ ಎಷ್ಟು ಗಾಳಿ ಸಾಗಿಸುತ್ತೆ ಅನ್ನೋ ಲೆಕ್ಕ, ಜೋರಾಗಿಯೇ ಇತ್ತು, ಆದರೆ ಅದು ಎದುರಿಗೆ ಏನೂ ಅಡ್ಡ ಇಲ್ಲದೆ ಅಳೆದ ಸಂಖ್ಯೆ. ಫಿಲ್ಟರ್ ಕಿತ್ತಿಟ್ಟು ಅದೇ ರೆಂಡರ್ ಓಡಿಸಿದೆ, ಕಾರ್ಡ್ ಸುಮಾರು 5 ಡಿಗ್ರಿ ಇಳಿಯಿತು. ಅಷ್ಟು ಇಳಿದರೆ ಫ್ಯಾನ್‌ಗೆ ಆ ಫಿಲ್ಟರ್ ಮೂಲಕ ಗಾಳಿ ಎಳೆಯುವ ತಾಕತ್ತಿಲ್ಲ ಅಂತಲೇ ಅರ್ಥ. ಒಂದೋ ಎರಡೋ ಡಿಗ್ರಿ ಮಾತ್ರ ಇಳಿದರೆ ಫ್ಯಾನ್ ಬದಲಿಸಬೇಡಿ, ದುಡ್ಡು ಉಳಿಸಿ.

ಹಾಗಾಗಿ ಮುಂದಕ್ಕೆ ಸ್ಟಾಟಿಕ್ ಪ್ರೆಶರ್, ಅಂದರೆ ಅಡ್ಡ ಇದ್ದರೂ ಗಾಳಿ ನುಗ್ಗಿಸುವ ಒತ್ತಡ, ನೋಡಿ ಆರಿಸಿದೆ. ಇಲ್ಲಿ ತುಂಬಾ ಜನ ಎಡವುವ ಒಂದು ಜಾಗ ಇದೆ. ಡಬ್ಬದ ಪ್ರೆಶರ್ ಪೂರ್ತಿ ವೇಗದ್ದು. ಆರ್‌ಪಿಎಂ ಅರ್ಧ ಆದರೆ ಗಾಳಿ ಅರ್ಧ ಆಗುತ್ತೆ, ಪ್ರೆಶರ್ ಮಾತ್ರ ಕಾಲುಭಾಗಕ್ಕೆ ಇಳಿಯುತ್ತೆ. 2,400 ಆರ್‌ಪಿಎಂನಲ್ಲಿ 2.8 ಎಂಎಂ ನೀರಿನ ಪ್ರೆಶರ್ ಕೊಡುವ ಫ್ಯಾನನ್ನು ಸದ್ದು ತಾಳದೆ 1,200ಕ್ಕೆ ಇಳಿಸಿದರೆ ಉಳಿಯೋದು 0.7. 1,700ರಲ್ಲಿ 2.4 ಕೊಡುವ 140 ಎಂಎಂ ಫ್ಯಾನನ್ನು ಅದೇ 1,200ರಲ್ಲಿ ಓಡಿಸಿದರೆ ಹತ್ತಿರಹತ್ತಿರ 1.2 ಸಿಗುತ್ತೆ. ನೀವು ದಿನಾ ಓಡಿಸುವ ವೇಗಕ್ಕೆ ಲೆಕ್ಕ ಹಾಕಿ ಹೋಲಿಸಿ. 140ಕ್ಕೆ ಸ್ಕ್ರೂ ತೂತಿನ ಅಂತರ 124.5 ಎಂಎಂ, 120ಕ್ಕೆ 105. ಕೊಳ್ಳುವ ಮುಂಚೆ ಸ್ಕೇಲ್ ಇಟ್ಟು ನೋಡಿ.

ಹಿಂದಿನದಕ್ಕೆ ಬರೀ ಜಾಲರಿ ಅಡ್ಡ, ಅಲ್ಲಿಗೆ ಏರ್‌ಫ್ಲೋ ಫ್ಯಾನೇ ಸಾಕು. ಮೇಲ್ಭಾಗದ ಮುಂದಿನ ಫ್ಯಾನ್ ಅಂತೂ ನಷ್ಟವೇ: ಒಳಗೆ ಬಂದ ತಣ್ಣನೆ ಗಾಳಿ ಸಿಪಿಯು ಕೂಲರ್ ಮುಟ್ಟುವ ಮೊದಲೇ ಅದನ್ನು ಎಳೆದು ಹೊರಹಾಕುತ್ತೆ. ಮೇಲೆ ರೇಡಿಯೇಟರ್ ಇದ್ದವರ ಮಾತು ಬೇರೆ, ಅದಕ್ಕೆ ಪ್ರೆಶರ್ ಫ್ಯಾನ್ ಬೇಕು.

ಬೇರಿಂಗ್ ವಿಷಯ ಮೇಲಿನ ಹಳೇ ಎರಡು ಫ್ಯಾನ್‌ಗಳೇ ತೋರಿಸಿಕೊಟ್ಟವು. ಆರೂ ಸ್ಲೀವ್ ಬೇರಿಂಗ್. ಮುಂದೆ ನಿಂತಿದ್ದವು ಚೆನ್ನಾಗಿಯೇ ಇದ್ದವು. ಮಲಗಿಸಿ ಕೂರಿಸಿದ್ದವು ವರ್ಷದ ಆಸುಪಾಸಿನಲ್ಲಿ ಕಟಕಟ ಶುರುಮಾಡಿದವು. ಮಲಗಿದ ಸ್ಲೀವ್‌ನಲ್ಲಿ ಭಾರ ಒಂದೇ ತುದಿಗೆ ಬಿದ್ದು, ಎಣ್ಣೆಯೂ ಸೋರಿ ಒಣಗುತ್ತೆ. ಮಲಗಿಸುವ ಜಾಗಕ್ಕೆ ಫ್ಲೂಯಿಡ್ ಡೈನಾಮಿಕ್ ಅಥವಾ ಡಬಲ್ ಬಾಲ್ ಬೇರಿಂಗ್ ಬಿಟ್ಟು ಬೇರೇನೂ ಬೇಡ. ಬಾಲ್ ಬೇರಿಂಗ್ ಬಾಳಿಕೆ ಬರುತ್ತೆ, ಆದರೆ ಸಣ್ಣ ಗುಂಯ್ ಸದ್ದು ಇರುತ್ತೆ. "ಹೈಡ್ರಾಲಿಕ್" ಅಂತ ಬರೆದದ್ದು ಎಷ್ಟೋ ಸಲ ಸುಧಾರಿಸಿದ ಸ್ಲೀವೇ. ಹೆಸರು ನೋಡಬೇಡಿ, ವಾರಂಟಿ ವರ್ಷ ಕೇಳಿ. ಮೂರಕ್ಕೂ ಸೇರಿ ನನಗೆ ಮೂರು ಸಾವಿರ ಚಿಲ್ಲರೆ ಬಿತ್ತು, ಲೈಟಿನ ಆರರ ಸೆಟ್ಟಿಗೂ ಹೆಚ್ಚುಕಮ್ಮಿ ಅಷ್ಟೇ ಬೆಲೆ.

ಇದರ ನಡುವೆ ಇನ್ನೊಂದು ಪ್ರಯೋಗ. ಕೆಟ್ಟ 140 ಎಂಎಂ ಫ್ಯಾನೊಂದರ ರೆಕ್ಕೆ, ಮೋಟಾರು, ಅದನ್ನು ಹಿಡಿದಿದ್ದ ಕಡ್ಡಿಗಳನ್ನು ಕತ್ತರಿಸಿ ತೆಗೆದು, ಬರೀ ಚೌಕಟ್ಟನ್ನು ಫಿಲ್ಟರಿಗೂ ಹೊಸ ಫ್ಯಾನಿಗೂ ಮಧ್ಯೆ ಕೂರಿಸಿದೆ. 25 ಎಂಎಂ ಜಾಗ ಸಿಕ್ಕ ಕೂಡಲೇ ಕೀಂಯ್ ಅನ್ನುವ ಸದ್ದು ಮಾಯ. ಮಾಮೂಲಿ ಸ್ಕ್ರೂ ಮುಟ್ಟಲ್ಲ, ಉದ್ದನೆ ಕೇಬಲ್ ಟೈ ಹಾಕಿ ಬಿಗಿಯಬೇಕು. ಉದ್ದದ ಕಾರ್ಡ್ ಇದ್ದರೆ ಮೊದಲು ಜಾಗ ಅಳೆಯಿರಿ. ಮುಂದಿನ ಎರಡೂ ಫ್ಯಾನ್ ಬಹುತೇಕ ಒಂದೇ ವೇಗದಲ್ಲಿ ಓಡಿದರೆ ಸದ್ದು ಏರಿಳಿಯುತ್ತೆ, ಅದಕ್ಕೇ ಆರ್‌ಪಿಎಂನಲ್ಲಿ ಅಂತರ ಇಟ್ಟಿದ್ದೀನಿ. ಎಷ್ಟು ಅನ್ನೋದು ನನ್ನ ಹತ್ತಿರವೇ ಇರಲಿ.

ಕೊನೆಗೆ ಊದುಬತ್ತಿ ಹಚ್ಚಿ ಹಿಂದಿನ ಸ್ಲಾಟ್ ಸಂದುಗಳ ಹತ್ತಿರ ಹಿಡಿಯಿರಿ. ಹೊಗೆ ಒಳಗೆ ಹೋದರೆ ಫಿಲ್ಟರ್ ತಪ್ಪಿಸಿಕೊಂಡು ಧೂಳೂ ಅದೇ ದಾರಿಯಲ್ಲಿ ಬರುತ್ತೆ. ಹಿಂದಿನ ಫ್ಯಾನಿನ ವೇಗವನ್ನು 100 ಆರ್‌ಪಿಎಂನಂತೆ ಇಳಿಸುತ್ತಾ ಹೋಗಿ, ಹೊಗೆ ಹೊರಕ್ಕೆ ತಿರುಗಿದ ಕಡೆ ನಿಲ್ಲಿಸಿ. ನನ್ನದು 900ರ ಹತ್ತಿರ ತಿರುಗಿತು. ಆಮೇಲೆ ಅದೇ ಕೆಲಸಕ್ಕೆ, ಅದೇ ಬಿಸಿಯ ರೂಮಿನಲ್ಲಿ ಕಾರ್ಡಿನ ಸ್ವಂತ ಫ್ಯಾನ್ ಮುಂಚಿಗಿಂತ ಇನ್ನೂರು ಆರ್‌ಪಿಎಂ ಮೇಲೆ ಓಡಲು ಶುರುವಾದರೆ, ಫಿಲ್ಟರ್ ತೊಳೆಯುವ ಹೊತ್ತಾಯಿತು ಅಂತ.