ಒಂದೇ ಬಾಕಿ, ಎರಡು ವರ್ಷ, ಎರಡು ಬಗೆಯ ಅಭಿಪ್ರಾಯ

ಲೆಕ್ಕಪರಿಶೋಧಕನಾಗಿ ನಾನು ಸಹಿ ಹಾಕಿರುವ ವರದಿಗಳಲ್ಲಿ ಹೆಚ್ಚಿನವು ಯಾವ ಆಕ್ಷೇಪವೂ ಇಲ್ಲದವು. ಆಕ್ಷೇಪವಿದ್ದ ಕೆಲವೇ ವರದಿಗಳಲ್ಲಿ ಒಂದು ಕಂಪನಿಯದು ನನಗೆ ಬಹಳ ಕಲಿಸಿತು. ಅಲ್ಲಿ ಒಬ್ಬನೇ ಗ್ರಾಹಕನಿಂದ ಬರಬೇಕಿದ್ದ ಬಾಕಿಯ ಕಾರಣಕ್ಕೆ ಮೊದಲ ವರ್ಷ ಷರತ್ತುಬದ್ಧ ಅಭಿಪ್ರಾಯವನ್ನೂ ಮರುವರ್ಷ ಪ್ರತಿಕೂಲ ಅಭಿಪ್ರಾಯವನ್ನೂ ಕೊಡಬೇಕಾಯಿತು. ಕಂಪನಿಯ ಗುರುತು ಸಿಗದಂತೆ ಅಂಕಿಗಳನ್ನು ಸಣ್ಣ ಪ್ರಮಾಣಕ್ಕೆ ಇಳಿಸಿದ್ದೇನೆ. ತೆರಿಗೆಯ ಪರಿಣಾಮವನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಮೊದಲ ವರ್ಷ ಕಂಪನಿ ತೋರಿಸಿದ ಲಾಭ 60, ನಿವ್ವಳ ಮೌಲ್ಯ 350. ಒಬ್ಬ ಗ್ರಾಹಕನಿಂದ 80 ಬರಬೇಕಿತ್ತು ಮತ್ತು ಅದರ ವಾಯಿದೆ ಮೀರಿ ಬಹಳ ಕಾಲವಾಗಿತ್ತು. ಗ್ರಾಹಕನ ಮಾತೃಸಂಸ್ಥೆ 50ರವರೆಗೆ ಖಾತರಿ ಬರೆದುಕೊಟ್ಟಿತ್ತು, ಆಗ ಅದರ ಆರ್ಥಿಕ ಸ್ಥಿತಿಯೂ ಚೆನ್ನಾಗಿತ್ತು. ಉಳಿದ 30 ವಸೂಲಾಗುತ್ತದೆ ಎನ್ನುವುದಕ್ಕೆ ಆಡಳಿತ ಮಂಡಳಿಯ ವಿಶ್ವಾಸವನ್ನು ಬಿಟ್ಟರೆ ಬೇರೇನೂ ಇರಲಿಲ್ಲ. ವರ್ಷಾಂತ್ಯದ ನಂತರ ಬ್ಯಾಂಕ್ ಖಾತೆಗೆ ಆ ಗ್ರಾಹಕನಿಂದ ಏನಾದರೂ ಜಮೆಯಾಗಿದೆಯೇ ಎಂದು ವರದಿಗೆ ಸಹಿ ಹಾಕುವ ದಿನದವರೆಗೂ ನೋಡಿದೆವು, ಏನೂ ಬಂದಿರಲಿಲ್ಲ. ಗ್ರಾಹಕನ ಸ್ವಂತ ಲೆಕ್ಕಪತ್ರಗಳು ಎರಡು ವರ್ಷ ಸತತ ನಷ್ಟವನ್ನು ತೋರಿಸುತ್ತಿದ್ದವು. ಆದ್ದರಿಂದ 30 ಬರುವುದಿಲ್ಲವೆಂದು ಹಿಡಿದು ಅಷ್ಟನ್ನು ಲಾಭದಿಂದ ಕಳೆದು ಪ್ರಾವಿಷನ್ ಮಾಡಬೇಕೆಂದು ಕೇಳಿದೆವು, ಅವರು ಒಪ್ಪಲಿಲ್ಲ.

ಇಂತಹ ಸಂದರ್ಭದಲ್ಲಿ ಅಂತರರಾಷ್ಟ್ರೀಯ ಪರಿಶೋಧನಾ ಮಾನದಂಡ ಐಎಸ್ಎ 705 ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಲು ಹೇಳುತ್ತದೆ. ಲೆಕ್ಕ ತಪ್ಪಾಗಿದೆಯೇ ಅಥವಾ ತಪ್ಪೋ ಸರಿಯೋ ಎಂದು ತೀರ್ಮಾನಿಸಲು ಸಾಕ್ಷ್ಯವೇ ಸಿಗಲಿಲ್ಲವೇ ಎಂಬುದು ಮೊದಲನೆಯದು. ಪರಿಣಾಮ ಒಂದೆರಡು ಬಾಬುಗಳಲ್ಲಿ ನಿಲ್ಲುತ್ತದೆಯೇ ಅಥವಾ ಇಡೀ ಲೆಕ್ಕಪತ್ರವನ್ನು ವ್ಯಾಪಿಸುತ್ತದೆಯೇ ಎಂಬುದು ಎರಡನೆಯದು. ನಮ್ಮ ಬಳಿ ಸಾಕ್ಷ್ಯವಿತ್ತು ಮತ್ತು ಅದು ಲೆಕ್ಕ ತಪ್ಪೆಂದೇ ಹೇಳುತ್ತಿತ್ತು; ಹಾಗಾಗಿ ಅಭಿಪ್ರಾಯ ಕೊಡಲು ನಿರಾಕರಿಸುವ ಪ್ರಶ್ನೆ ಬರಲಿಲ್ಲ. ಲಾಭದ ಅರ್ಧದಷ್ಟಿದ್ದ 30 ಖಂಡಿತ ಸಣ್ಣ ಮೊತ್ತವಲ್ಲ. ಆದರೆ ಅದನ್ನು ಕಳೆದು ನೋಡಿದಾಗ ಬಾಕಿಯ ಬಾಬು 50ಕ್ಕೂ, ಲಾಭ 30ಕ್ಕೂ, ನಿವ್ವಳ ಮೌಲ್ಯ 320ಕ್ಕೂ ಇಳಿಯುತ್ತಿತ್ತೇ ಹೊರತು ಉಳಿದ ಲೆಕ್ಕಗಳು ಇದ್ದಂತೆಯೇ ಇರುತ್ತಿದ್ದವು. ಇದೊಂದು ವಿಷಯವನ್ನು ಬಿಟ್ಟರೆ ಲೆಕ್ಕಪತ್ರಗಳು ನೈಜ ಚಿತ್ರ ನೀಡುತ್ತವೆ ಎಂದು ಷರತ್ತುಬದ್ಧ ಅಭಿಪ್ರಾಯ ಬರೆದೆವು.

ಕರಡನ್ನು ಆಡಿಟ್ ಸಮಿತಿಗೆ ಕಳುಹಿಸಿದ ಮೇಲೆ ಹಣಕಾಸು ಮುಖ್ಯಸ್ಥರು ಬಂದು, "ಟಿಪ್ಪಣಿಯಲ್ಲಿ ಎಲ್ಲವನ್ನೂ ಬರೆದಿದ್ದೇವಲ್ಲ ಸರ್, ಅದರತ್ತ ಷೇರುದಾರರ ಗಮನ ಸೆಳೆಯುವ ಒಂದು ಪ್ಯಾರಾ ಹಾಕಿದರೆ ಸಾಲದೇ?" ಎಂದು ಕೇಳಿದರು. ಈ ಕೋರಿಕೆಯನ್ನು ನಾನು ಅನೇಕ ಕಡೆ ಕೇಳಿದ್ದೇನೆ, ಮತ್ತು ಷೇರುದಾರರು ಇದನ್ನು ಅರ್ಥಮಾಡಿಕೊಳ್ಳುವುದು ಬಹಳ ಮುಖ್ಯ ಎಂದು ನನಗನಿಸುತ್ತದೆ. ಗಮನ ಸೆಳೆಯುವ ಪ್ಯಾರಾ ಇರುವುದು ಲೆಕ್ಕದಲ್ಲಿ ಸರಿಯಾಗಿಯೇ ತೋರಿಸಿದ, ಆದರೆ ಓದುಗರು ತಪ್ಪದೆ ನೋಡಬೇಕಾದ ವಿಷಯಕ್ಕಾಗಿ; ಅದು ಆಕ್ಷೇಪವಲ್ಲ. ತಪ್ಪು ಲೆಕ್ಕವನ್ನು ಟಿಪ್ಪಣಿಯಲ್ಲಿ ಎಷ್ಟೇ ವಿವರವಾಗಿ ಬರೆದರೂ ಲೆಕ್ಕ ಸರಿಯಾಗುವುದಿಲ್ಲ. ಅವರ ಕೋರಿಕೆಗೆ ಒಪ್ಪಿದ್ದರೆ 60 ಎಂಬ ಲಾಭಕ್ಕೆ ನಮ್ಮ ಸಮ್ಮತಿ ಇದೆ ಎಂದೇ ಷೇರುದಾರರು ಓದುತ್ತಿದ್ದರು.

ಎರಡನೆಯ ವರ್ಷ ಗ್ರಾಹಕನೂ ಅವನ ಮಾತೃಸಂಸ್ಥೆಯೂ ದಿವಾಳಿಯಾದವು. ಅವರಿಂದ ಹಣ ಬರಬೇಕಿದ್ದವರ ಸಾಲಿನಲ್ಲಿ ಈ ಕಂಪನಿ ಅಡಮಾನದ ಆಧಾರವಿಲ್ಲದವರ ನಡುವೆ ಇತ್ತು ಮತ್ತು ಆಧಾರವಿದ್ದವರಿಗೇ ಪೂರ್ತಿ ಹಣ ಸಿಗುವಂತಿರಲಿಲ್ಲ ಎಂಬುದು ದಿವಾಳಿ ಪ್ರಕ್ರಿಯೆಯ ಕಾಗದಗಳಿಂದಲೇ ತಿಳಿಯುತ್ತಿತ್ತು. ಆದರೂ ಕಂಪನಿಯ ಪುಸ್ತಕದಲ್ಲಿ 80 ಹಾಗೆಯೇ ಉಳಿದಿತ್ತು. ತೋರಿಸಿದ ಲಾಭ 20, ನಿವ್ವಳ ಮೌಲ್ಯ 370. ಮೊತ್ತ ಅದೇ 80 ಆಗಿರುವಾಗ ಅಭಿಪ್ರಾಯವೇಕೆ ಬೇರೆಯಾಯಿತು ಎಂದು ಸಭೆಯಲ್ಲಿ ಒಬ್ಬ ಷೇರುದಾರರು ನನ್ನನ್ನು ಕೇಳಿದರು. ಉತ್ತರ ಆ ಬಾಕಿಯ ಬಾಬಿನಲ್ಲಿ ಇರಲಿಲ್ಲ, ಬ್ಯಾಂಕಿನ ಸಾಲಪತ್ರದಲ್ಲಿತ್ತು.

ಕಂಪನಿಗೆ 250ರ ದೀರ್ಘಾವಧಿ ಸಾಲವಿತ್ತು. ವರ್ಷಾಂತ್ಯದಲ್ಲಿ ನಿವ್ವಳ ಮೌಲ್ಯ 300ಕ್ಕಿಂತ ಕೆಳಗಿಳಿದರೆ ಬ್ಯಾಂಕ್ ಪೂರ್ತಿ ಸಾಲವನ್ನು ಕೂಡಲೇ ವಾಪಸ್ ಕೇಳಬಹುದೆಂಬ ಷರತ್ತು ಅದರಲ್ಲಿತ್ತು. 370ರಲ್ಲಿ 80 ಕಳೆದರೆ 290. ಷರತ್ತು ಮುರಿದ ಮೇಲೆ, ವರ್ಷಾಂತ್ಯಕ್ಕೆ ಮೊದಲೇ ಬ್ಯಾಂಕಿನಿಂದ ವಿನಾಯಿತಿ ಪಡೆಯದಿದ್ದರೆ, ಆ ಸಾಲವನ್ನು ಒಂದು ವರ್ಷದೊಳಗೆ ತೀರಿಸಬೇಕಾದ ಚಾಲ್ತಿ ಹೊಣೆ ಎಂದೇ ತೋರಿಸಬೇಕು. ಕಂಪನಿಯ ಬ್ಯಾಲೆನ್ಸ್ ಶೀಟ್ ಚಾಲ್ತಿ ಆಸ್ತಿ 310, ಚಾಲ್ತಿ ಹೊಣೆ 220 ಎಂದು ನೆಮ್ಮದಿಯ ಚಿತ್ರ ಕೊಡುತ್ತಿತ್ತು. ಸರಿಪಡಿಸಿದಾಗ ಅದೇ ಶೀಟಿನಲ್ಲಿ ಚಾಲ್ತಿ ಆಸ್ತಿ 230, ಚಾಲ್ತಿ ಹೊಣೆ 470. ಕಂಪನಿ ಮುಂದಿನ ವರ್ಷ ನಡೆಯುತ್ತದೆಯೇ ಎಂಬುದೇ ಅನುಮಾನಕ್ಕೆ ಬಂದಿತ್ತು, ಮತ್ತು ಅದರ ಬಗ್ಗೆ ಟಿಪ್ಪಣಿಗಳಲ್ಲಿ ಒಂದು ಸಾಲೂ ಇರಲಿಲ್ಲ. ಒಂದು ಬಾಬಿನ ತಪ್ಪು ಲಾಭವನ್ನು, ಸಾಲದ ವರ್ಗೀಕರಣವನ್ನು, ಟಿಪ್ಪಣಿಗಳನ್ನು ಎಲ್ಲ ಕಡೆಯಿಂದಲೂ ಕೆಡಿಸಿದ್ದರಿಂದ 'ಇದೊಂದನ್ನು ಬಿಟ್ಟರೆ' ಎಂದು ಬರೆಯಲು ನಮಗೆ ದಾರಿಯಿರಲಿಲ್ಲ. ಲೆಕ್ಕಪತ್ರಗಳು ನೈಜ ಚಿತ್ರ ನೀಡುವುದಿಲ್ಲ ಎಂದು ಪ್ರತಿಕೂಲ ಅಭಿಪ್ರಾಯ ಬರೆದೆವು.

ಅಭಿಪ್ರಾಯದ ಪ್ಯಾರಾದ ಕೆಳಗೇ ಅದರ ಆಧಾರವನ್ನು ವಿವರಿಸುವ ಭಾಗ ಬರುತ್ತದೆ, ಷೇರುದಾರರು ಪೆನ್ಸಿಲ್ ಹಿಡಿದು ಓದಬೇಕಾದದ್ದು ಅದನ್ನೇ. ಪರಿಣಾಮವನ್ನು ಅಂಕಿಯಲ್ಲಿ ಹೇಳಲು ಸಾಧ್ಯವಿದ್ದರೆ ಪರಿಶೋಧಕರು ಅಲ್ಲಿ ಹೇಳಲೇಬೇಕು. ಎರಡನೆಯ ವರ್ಷದ ನಮ್ಮ ವರದಿಯಲ್ಲಿ 80ರ ಪೈಕಿ 30 ಹಿಂದಿನ ವರ್ಷಕ್ಕೆ ಸೇರಿದ್ದು, 50 ಈ ವರ್ಷದ್ದು ಎಂದು ಬಿಡಿಸಿ ಬರೆದಿದ್ದೆವು. ಅಂದರೆ 20ರ ಲಾಭ ನಿಜದಲ್ಲಿ 30ರ ನಷ್ಟ. ಅದೇ ವರ್ಷ ನಿರ್ದೇಶಕರು ಲಾಭಾಂಶ ಹಂಚಲು ಪ್ರಸ್ತಾಪಿಸಿದ್ದರು. ಆಧಾರದ ಭಾಗವನ್ನು ಓದಿದ ಷೇರುದಾರರಿಗೆ ಆ ಹಣ ಗಳಿಕೆಯಿಂದ ಬರುತ್ತಿಲ್ಲ, ಕಂಪನಿಯ ಉಳಿದ ಬಲವನ್ನು ಕರಗಿಸಿ ಬರುತ್ತಿದೆ ಎಂಬುದು ಕಾಣುತ್ತಿತ್ತು. ನಿರ್ದೇಶಕರು ವಂಚಕರು ಎಂದು ಆ ವರದಿ ಹೇಳಲಿಲ್ಲ, ಹಾಗೆ ಓದುವುದೂ ತಪ್ಪು. ಆದರೆ ತಿಳಿದಿದ್ದ ನಷ್ಟವನ್ನು ಎರಡು ವರ್ಷ ಸತತವಾಗಿ ಒಪ್ಪದ ಮಂಡಳಿ ಏಕೆ ಒಪ್ಪುತ್ತಿಲ್ಲ ಎಂದು ಕೇಳುವ ಹಕ್ಕನ್ನು ಅದು ಷೇರುದಾರರ ಕೈಗಿಟ್ಟಿತು. ಸಾಲದ ಷರತ್ತುಗಳ ಟಿಪ್ಪಣಿಯನ್ನು ಮತ್ತೊಮ್ಮೆ ತೆರೆದು ನೋಡಿದವರಿಗೆ ಉತ್ತರವೂ ಅಲ್ಲೇ ಸಿಗುತ್ತಿತ್ತು.

ಮೂರನೆಯ ವರ್ಷ ಮಂಡಳಿ ನಷ್ಟವನ್ನು ಒಪ್ಪಿಕೊಂಡು, 80 ಪೂರ್ತಿಯನ್ನೂ ಆ ವರ್ಷದ ಖರ್ಚಿಗೆ ಹಾಕಲು ಹೊರಟಿತು. ಹಾಗೆ ಮಾಡಿದ್ದರೆ ಮೂರನೆಯ ವರ್ಷದ ನಷ್ಟ ಇರುವುದಕ್ಕಿಂತ 80 ಹೆಚ್ಚಾಗಿ ಕಂಡು, ನಾಲ್ಕನೆಯ ವರ್ಷ ಕಂಪನಿ ಅದ್ಭುತವಾಗಿ ಚೇತರಿಸಿಕೊಂಡಂತೆ ತೋರುತ್ತಿತ್ತು. ಆ ಕಾರಣಕ್ಕೇ ನಮ್ಮ ಆಕ್ಷೇಪ ಇನ್ನೊಂದು ರೂಪದಲ್ಲಿ ಮುಂದುವರಿಯುತ್ತಿತ್ತು. ಹಿಂದಿನ ವರ್ಷಗಳ ಅಂಕಿಗಳನ್ನೇ ತಿದ್ದಿ, 30 ಮತ್ತು 50 ಎಂದು ಆಯಾ ವರ್ಷಕ್ಕೆ ಹಂಚಿ, ಸಾಲವನ್ನು ಚಾಲ್ತಿ ಹೊಣೆಗೆ ಸರಿಸಿ, ಮುಂದುವರಿಕೆಯ ಅನುಮಾನವನ್ನು ಟಿಪ್ಪಣಿಯಲ್ಲಿ ಸ್ಪಷ್ಟವಾಗಿ ಬರೆದ ಮೇಲೆ ಆಕ್ಷೇಪವಿಲ್ಲದ ಅಭಿಪ್ರಾಯ ಕೊಟ್ಟೆವು. ಆ ಅನುಮಾನದ ಬಗ್ಗೆ ವರದಿಯಲ್ಲಿ ಪ್ರತ್ಯೇಕ ಶೀರ್ಷಿಕೆಯ ಭಾಗವೊಂದು ಮಾತ್ರ ಉಳಿಯಿತು, ಏಕೆಂದರೆ ಬ್ಯಾಂಕ್ ಇನ್ನೂ ವಿನಾಯಿತಿ ಕೊಟ್ಟಿರಲಿಲ್ಲ.