ಮೇಕಪ್‌ಗೆ ಮೊದಲ ಅಸಿಸ್ಟೆಂಟ್: ಕೆಲಸ, ದುಡ್ಡು, ಹೆಸರು ಹಂಚಿಕೊಳ್ಳುವುದು ಹೇಗೆ?

ಮುಹೂರ್ತ ಬೆಳಿಗ್ಗೆ 9.30ಕ್ಕೆ. ಫೋಟೊದವರಿಗೆ ಹುಡುಗಿ 8.30ಕ್ಕೇ ರೆಡಿ ಇರಬೇಕು. ಮೇಕಪ್, ಜಡೆ, ಸೀರೆ, ಒಡವೆ ಎಲ್ಲ ಸೇರಿ ಅವಳೊಬ್ಬಳಿಗೇ ಮೂರು ಗಂಟೆ. ಜೊತೆಗೆ ಅಮ್ಮ, ಅಕ್ಕ, ಚಿಕ್ಕಮ್ಮ. ತಲಾ 40 ನಿಮಿಷ. ಒಬ್ಬರೇ ಮಾಡುವುದಾದರೆ ರಾತ್ರಿ ಮೂರೂವರೆಗೆ ಬ್ರಷ್ ಹಿಡಿಯಬೇಕು. ಅಸಿಸ್ಟೆಂಟ್ ಬೇಕು ಅಂತ ನಮ್ಮಂಥವರಿಗೆ ಅನಿಸುವುದು ಇಂಥ ದಿನವೇ.

ಆದರೆ ಅಂಥ ದಿನವೇ ಯಾರನ್ನೋ ಕರೆದುಕೊಂಡು ಹೋಗಬೇಡಿ. ಮದುವೆಗೆ ಎರಡು ವಾರ ಮೊದಲು ಮನೆಗೆ ಕರೆಯಿರಿ. ಒಂದು ರೇಷ್ಮೆ ಸೀರೆ ಕೊಟ್ಟು ನೆರಿಗೆ ಹಿಡಿಸಿ, ಇಸ್ತ್ರಿ ಮಾಡಿಸಿ, ಪಿನ್ ಹಾಕಿಸಿ. ಆಮೇಲೆ ಅದನ್ನು ಯಾರಿಗಾದರೂ ಉಡಿಸಿ, ಹತ್ತು ನಿಮಿಷ ಓಡಾಡಲು ಹೇಳಿ. ಸೆರಗು ಭುಜದಿಂದ ಜಾರಿದರೆ ಗೊತ್ತಾಗಿಬಿಡುತ್ತದೆ. ಬಳಸಿದ ಬ್ರಷ್ ಹೇಗೆ ತೊಳೆಯುತ್ತಾರೆ ಅಂತಲೂ ನೋಡಿ. ತೊಳೆದು ನೇರ ನಿಲ್ಲಿಸಿದರೆ ನೀರು ಹಿಡಿಕೆಯ ಬುಡಕ್ಕೆ ಇಳಿದು ಅಂಟು ಬಿಡುತ್ತದೆ, ಕೂದಲು ಉದುರುತ್ತದೆ. ಮಲಗಿಸಿ ಒಣಗಿಸುವವರು ಕೆಲಸ ಬಲ್ಲವರು. ಈ ಅರ್ಧ ದಿನಕ್ಕೂ ದುಡ್ಡು ಕೊಡಿ. ನಾನು ಅಸಿಸ್ಟೆಂಟ್ ಆಗಿದ್ದಾಗ ಏಳು ಮದುವೆ ‘ಕಲೀತಾ ಇದ್ದೀಯಲ್ಲ’ ಎಂಬ ಮಾತಿನಲ್ಲೇ ಮುಗಿದವು. ಎಂಟನೆಯದಕ್ಕೆ ನಾನು ಹೋಗಲಿಲ್ಲ.

ಮುಂದಿನದು ಕೆಲಸ ಹಂಚುವುದು. ಮೊದಲ ಮೂರು ತಿಂಗಳು ಮದುವಣಗಿತ್ತಿಯ ಮುಖ ನಿಮ್ಮದೇ. ಸೀರೆ, ಜಡೆ, ಮನೆಯವರ ಮೇಕಪ್ ಅಸಿಸ್ಟೆಂಟ್‌ದು. ಇದನ್ನು ಬುಕಿಂಗ್ ದಿನವೇ ಗ್ರಾಹಕರಿಗೆ ಹೇಳಿಬಿಡಿ. ಹೇಳದಿದ್ದರೆ ಛತ್ರದಲ್ಲಿ ಅಕ್ಕ ಕುರ್ಚಿಯ ಮೇಲೆ ಕೂತು, ‘ನಾವು ದುಡ್ಡು ಕೊಟ್ಟಿದ್ದು ನಿಮಗಲ್ವಾ, ಇವರ್ಯಾಕೆ ಮಾಡ್ತಾರೆ?’ ಅಂತ ಕೇಳುತ್ತಾರೆ. ಆಗ ನಿಮ್ಮ ಹತ್ತಿರ ಉತ್ತರ ಇರುವುದಿಲ್ಲ, ಪಾಪ ಅಸಿಸ್ಟೆಂಟ್ ಕೈ ನಡುಗುತ್ತದೆ.

ಈಗ ದುಡ್ಡು. ದಿನಕ್ಕಿಷ್ಟು ಅಂತ ಮಾತ್ರ ಕೊಟ್ಟರೆ, ಅವಳು ಎಷ್ಟು ಮುಖ ಮಾಡಿದರೂ ಒಂದೇ. ಅದಕ್ಕೆ ನಾನು ಎರಡು ಭಾಗ ಮಾಡುತ್ತೇನೆ: ದಿನಗೂಲಿ ಒಂದು, ಅವಳೇ ಮಾಡಿದ ಮುಖಕ್ಕೆ ಪಾಲು ಒಂದು. ಮೇಲಿನ ಮದುವೆಯನ್ನೇ ಲೆಕ್ಕ ಹಾಕೋಣ. ನಿಮ್ಮ ಊರಿನ ರೇಟು ಬೇರೆ ಇರಬಹುದು, ಲೆಕ್ಕದ ದಾರಿ ಇದೇ. ಹುಡುಗಿಗೆ 20,000, ಮನೆಯವರು ಮೂವರಿಗೆ ತಲಾ 3,000. ಒಟ್ಟು 29,000 ರೂಪಾಯಿ. ಸಾಮಾನು, ಕಾರು ಸೇರಿ ಖರ್ಚು 5,000. ಅಸಿಸ್ಟೆಂಟ್‌ಗೆ ದಿನಗೂಲಿ 2,500. ಮನೆಯವರಲ್ಲಿ ಒಬ್ಬರ ಮುಖ ನೀವೇ ಮಾಡಿದಿರಿ ಅಂದುಕೊಳ್ಳಿ, ಅವಳು ಮಾಡಿದ್ದು ಎರಡು ಮುಖ, ಅದರ 6,000ದಲ್ಲಿ ಶೇ 40, ಅಂದರೆ 2,400. ನಿಮಗೆ ಉಳಿಯುವುದು 19,100.

ಒಬ್ಬರೇ ಇದ್ದಿದ್ದರೆ ಹುಡುಗಿ ಮತ್ತು ಅಮ್ಮನನ್ನು ಮಾತ್ರ ಒಪ್ಪಿಕೊಳ್ಳುತ್ತಿದ್ದಿರಿ. 23,000ದಲ್ಲಿ 4,400 ಖರ್ಚು ಕಳೆದರೆ 18,600. ವ್ಯತ್ಯಾಸ ಬರೀ 500 ರೂಪಾಯಿ! ಶುರುವಿನಲ್ಲಿ ಲಾಭ ಕೈಗೆ ಸಿಗುವುದಿಲ್ಲ. ಐದು ಗಂಟೆಗೆ ಶುರು ಮಾಡಿದರೂ ಮುಗಿಯುತ್ತದೆ, ಸಂಜೆ ರಿಸೆಪ್ಷನ್‌ಗೆ ಮೈಯಲ್ಲಿ ಶಕ್ತಿ ಇರುತ್ತದೆ, ಅಷ್ಟೇ. ಆ 500 ಕಡಿಮೆ ಅಂತ ಅವಳ ಪಾಲಿಗೆ ಕೈ ಹಾಕಬೇಡಿ.

ಇನ್ನೆರಡು ಮಾತು ವಾಟ್ಸಾಪ್‌ನಲ್ಲಿ ಬರೆದಿಡಿ. ನಸುಕಿನಲ್ಲಿ ಆಟೊ ಸಿಗುವುದಿಲ್ಲ, ಕರೆದುಕೊಂಡು ಹೋಗುವ ಖರ್ಚು ನಿಮ್ಮದು. ಎರಡು ದಿನ ಮೊದಲು ಮದುವೆ ನಿಂತರೆ ನಿಮ್ಮ ಕೈಯಲ್ಲಿ ಅಡ್ವಾನ್ಸ್ ಉಳಿದಿರುತ್ತದೆ. ಅವಳು ಆ ದಿನ ಬೇರೆ ಕೆಲಸ ಬಿಟ್ಟಿರುತ್ತಾಳೆ. ಅರ್ಧ ದಿನಗೂಲಿಯನ್ನು ಅದರಲ್ಲೇ ಕೊಡಿ.

ಹೆಸರಿನ ವಿಷಯಕ್ಕೆ ಜಗಳ ಜಾಸ್ತಿ. ನೀವು ಹಾಕುವ ಪೋಸ್ಟ್‌ನಲ್ಲಿ ‘ಮೇಕಪ್ ನಾನು, ಜಡೆ–ಸೀರೆ ಇವರು’ ಅಂತ ಬರೆದು ಟ್ಯಾಗ್ ಮಾಡಿ. ಕೆಳಗೆ ಕಾಮೆಂಟ್‌ನಲ್ಲಿ ಹಾಕಿದರೆ ಯಾರೂ ನೋಡುವುದಿಲ್ಲ. ಅವಳೂ ಫೋಟೊ ಹಾಕಲಿ, ಆದರೆ ‘ಸೀರೆ ಉಡಿಸಿದ್ದು ನಾನು’ ಅಂತ ತಾನು ಮಾಡಿದ್ದನ್ನೇ ಬರೆಯಲಿ. ಇಬ್ಬರೂ ಹಾಕುವ ಮೊದಲು ಹುಡುಗಿಯ ಒಪ್ಪಿಗೆ ಬೇಕು.

ಕೊನೆಗೆ ಎಲ್ಲರ ಭಯ: ನಾಳೆ ಅವಳೇ ನಮ್ಮ ಗ್ರಾಹಕರನ್ನು ಕರೆದುಕೊಂಡು ಹೋದರೆ? ‘ಬಿಟ್ಟ ಮೇಲೆ ಎರಡು ವರ್ಷ ಈ ಊರಿನಲ್ಲಿ ಮೇಕಪ್ ಮಾಡಬಾರದು’ ಅಂತ ಕೆಲವರು ಬರೆಸಿಕೊಳ್ಳುತ್ತಾರೆ. 1872ರ ಭಾರತೀಯ ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ, ದುಡಿಮೆಗೇ ತಡೆ ಹಾಕುವ ಇಂಥ ಷರತ್ತು ನಿಲ್ಲುವುದಿಲ್ಲ. ಸುಮ್ನೆ ಕಾಗದ ಹಾಳು. ನಾನು ಕೇಳುವುದು ಇಷ್ಟೇ: ನನ್ನ ಜೊತೆ ಕೆಲಸ ಮಾಡುವಷ್ಟು ದಿನ, ನನ್ನ ಬುಕಿಂಗ್‌ನಲ್ಲಿ ಸಿಕ್ಕವರು ನಂಬರ್ ಕೇಳಿದರೆ ನನಗೆ ಹೇಳು. ಅವಳದೇ ಗ್ರಾಹಕರು ಅವಳಿಗೆ. ಹೋದ ತಿಂಗಳು ಅಕ್ಕನೊಬ್ಬರು ನಾಮಕರಣಕ್ಕೆ ಅವಳನ್ನೇ ಕೇಳಿದರು. ಆ ದಿನ ನನಗೆ ಬೇರೆ ಮದುವೆ ಇತ್ತು. ಅವಳೇ ಹೋದಳು, ದುಡ್ಡೂ ಪೂರ್ತಿ ಅವಳಿಗೇ.